ಹಡಗು ಮುಳುಗಿದ್ದು ನನಗೂ ಗೊತ್ತು ಸ್ವಾಮಿ

ನಾರಾಯಣಗೂಡ, ಹೈದರಾಬಾದ್

ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಿಗೆ,
(ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.)

ವಿಷಯ: ಜೂನಿಯರ್ ಡೇಟಾ ಅನಲಿಸ್ಟ್ ಹುದ್ದೆಗೆ ಅರ್ಜಿ, ಮತ್ತೊಮ್ಮೆ

ಮಾನ್ಯರೇ,

'ಫ್ರೆಶರ್‌ಗಳು ಬರಬಹುದು, ಎರಡು ವರ್ಷದ ಅನುಭವ ಕಡ್ಡಾಯ' ಎಂದು ನಿಮ್ಮ ಜಾಹೀರಾತಿನಲ್ಲಿತ್ತು. ಡೇಟಾದಲ್ಲಿ ತಪ್ಪು ಹುಡುಕುವ ಪರೀಕ್ಷೆ ಇಲ್ಲಿಂದಲೇ ಶುರುವಾಗಿರಬೇಕು ಎಂದುಕೊಂಡು ಖುಷಿಯಿಂದಲೇ ಹೊರಟೆ. ನಾರಾಯಣಗೂಡದಲ್ಲಿ ಮೆಟ್ರೋ ಹತ್ತಿ, ಪರೇಡ್ ಗ್ರೌಂಡಿನಲ್ಲಿ ಇಳಿದು ಇನ್ನೊಂದು ಹಿಡಿದು, ಹೇಳಿದ ಹೊತ್ತಿಗೆ ಸರಿಯಾಗಿ ಹೈಟೆಕ್ ಸಿಟಿಯಲ್ಲಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿದವರು ಊಟದ ಹೊತ್ತು ಮೀರಿದ ಮೇಲೆ ಒಳಗೆ ಕರೆದಿರಿ. ಒಳಗಿದ್ದವರು ನನ್ನ ರೆಸ್ಯೂಮೆಯನ್ನು ತಲೆಕೆಳಗಾಗಿ ಹಿಡಿದಿದ್ದರು. ತಿರುಗಿಸಿ ನೋಡಿ ಒಂದೇ ಮಾತು ಕೇಳಿದರು: "ಬಿ.ಕಾಂ. ಅಂತೀರಿ, ಇಲ್ಲಿರೋದೆಲ್ಲ ಪ್ರಾಕ್ಟೀಸ್ ಪ್ರಾಜೆಕ್ಟು. ನಿಜವಾದ್ದು ಏನೂ ಇಲ್ವಾ?"

ಪ್ರಾಕ್ಟೀಸ್ ಪ್ರಾಜೆಕ್ಟ್ ಎಂದರೆ ನಿಮಗೆ ಯಾಕೆ ವಾಕರಿಕೆ ಬರುತ್ತದೆ ಎಂಬುದು ನನಗೂ ಗೊತ್ತು. ಅಮೀರ್‌ಪೇಟೆಯಲ್ಲಿ ಕೋರ್ಸ್ ಮುಗಿಸಿದವರಲ್ಲಿ ಹೆಚ್ಚಿನವರ ಕೈಯಲ್ಲಿ ಅದೇ ಟೈಟಾನಿಕ್ ಇರುತ್ತದೆ. 891 ಪ್ರಯಾಣಿಕರು, ಬದುಕಿದವರು 342, ವಯಸ್ಸು ಬರೆಯದೆ ಬಿಟ್ಟವರು 177. ಆ 177 ಜನಕ್ಕೂ ಸರಾಸರಿ ವಯಸ್ಸನ್ನೇ ಹಚ್ಚಿ, ಹೆಂಗಸರು ಹೆಚ್ಚು ಬದುಕಿದರು ಎಂದು ಬಣ್ಣದ ಪಟ್ಟಿ ಬಿಡಿಸಿದರೆ ಪ್ರಾಜೆಕ್ಟ್ ಮುಗಿಯಿತು. ಹಡಗು ಮುಳುಗಿದ್ದು 1912ರಲ್ಲಿ. ನಮ್ಮ ಹುಡುಗರು ಇನ್ನೂ ಅದನ್ನು ಮುಳುಗಿಸುತ್ತಲೇ ಇದ್ದಾರೆ. ಅದಕ್ಕೇ ನಾನು ಆ ಹಡಗು ಹತ್ತಲಿಲ್ಲ. ನನ್ನ ಪ್ರಾಜೆಕ್ಟು ಕಾಚಿಗೂಡದ ನಮ್ಮ ಮಾವನ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯದು. ಅದನ್ನು ನಿಮ್ಮವರು ಓದಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ. ಈಗ ಊರೇ ಓದಲಿ.

ಮಾವ ಸರಕು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಸರಕು ಕೊಟ್ಟವನು ಆ ಬಿಲ್ಲನ್ನು ತನ್ನ ರಿಟರ್ನಿನಲ್ಲಿ ತೋರಿಸಿರಬೇಕು. ಹಾಗೆ ತೋರಿಸಿದ ಬಿಲ್ಲುಗಳ ಪಟ್ಟಿ GSTR-2B ಎಂಬ ಹೆಸರಿನಲ್ಲಿ ಮರುತಿಂಗಳ 14ಕ್ಕೆ ಪೋರ್ಟಲ್ಲಿನಲ್ಲಿ ಬರುತ್ತದೆ. ಒಂದು ಕಡೆ ಈ ಪಟ್ಟಿ, ಇನ್ನೊಂದು ಕಡೆ ಟ್ಯಾಲಿಯಿಂದ ತೆಗೆದ ಖರೀದಿ ಪುಸ್ತಕ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಎಲ್ಲಿ ತಪ್ಪಿದೆ ಎಂದು ಹೇಳುವುದೇ ನನ್ನ ಪ್ರಾಜೆಕ್ಟು.

ಕೇಳಲು ಸುಲಭ. ಆದರೆ ಸರಕಿನವನು ಪೋರ್ಟಲ್ಲಿನಲ್ಲಿ SP/0047/24-25 ಎಂದು ಬರೆದಿರುತ್ತಾನೆ, ಮಾವನ ಗುಮಾಸ್ತರು 47 ಎಂದಷ್ಟೇ ಹೊಡೆದಿರುತ್ತಾರೆ. ಇನ್ನೊಬ್ಬನ ಬಿಲ್ ನಂಬರು 3-12. ಎಕ್ಸೆಲ್ ಅದನ್ನು ತಾರೀಕು ಎಂದುಕೊಂಡು ತಿಂಗಳ ಹೆಸರು ಹಚ್ಚಿಬಿಡುತ್ತದೆ. ಹಾಗಾಗಿ ಆ ಕಾಲಮ್ಮನ್ನು ಮೊದಲೇ ಟೆಕ್ಸ್ಟ್ ಮಾಡಿಕೊಂಡು ತೆರೆಯಬೇಕು. ವರ್ಷ ತೆಗೆದು, ಮುಂದಿನ ಅಕ್ಷರ ತೆಗೆದು, ಸೊನ್ನೆ ತೆಗೆದರೆ ಎರಡೂ ಕಡೆ 47 ಉಳಿಯುತ್ತದೆ, ಜೋಡಿ ಕೂಡುತ್ತದೆ.

ಅಪಾಯ ಇರುವುದೂ ಅಲ್ಲೇ. ಒಬ್ಬ ವ್ಯಾಪಾರಿ ಎರಡು ಬಿಲ್ ಪುಸ್ತಕ ಇಟ್ಟಿದ್ದಾನೆ: A/47 ಮತ್ತು B/47. ಅಕ್ಷರ ತೆಗೆದಿರೋ, ಎರಡೂ 47. ಈ ಕಡೆಯ ಎರಡು ಸಾಲು ಆ ಕಡೆಯ ಎರಡೆರಡು ಸಾಲಿಗೆ ಅಂಟಿಕೊಂಡು ನಾಲ್ಕು ಸಾಲಾಗುತ್ತವೆ. ಪರದೆಯ ಮೇಲೆ ಕೆಂಪು ಗುರುತು ಬರುವುದಿಲ್ಲ, ಎಲ್ಲ ಚೆಂದವಾಗಿಯೇ ಕಾಣುತ್ತದೆ. ಮಾವ ಕೊಡದ ತೆರಿಗೆಯೂ ಮಾವನದಾಗಿರುತ್ತದೆ. ಅದಕ್ಕೆ ಜೋಡಿಸುವ ಮುಂಚೆ ಈ ಸಾಲು ಓಡಿಸುತ್ತೇನೆ:

```sql
SELECT gstin, bill_key, COUNT(*)
FROM gstr2b
GROUP BY gstin, bill_key
HAVING COUNT(*) > 1;
```

ಏನಾದರೂ ಬಂದರೆ ಆ ವ್ಯಾಪಾರಿಯ ಅಕ್ಷರವನ್ನು ಉಳಿಸಿಕೊಳ್ಳುತ್ತೇನೆ. ಖರೀದಿ ಪುಸ್ತಕಕ್ಕೂ ಇದೇ ಪರೀಕ್ಷೆ. ಜೋಡಿಸಿದ ಮೇಲೆ ಖರೀದಿ ಪುಸ್ತಕದ ಒಟ್ಟು ತೆರಿಗೆ ಮೊದಲಿದ್ದಷ್ಟೇ ಇದೆಯೇ ಎಂದು ನೋಡುತ್ತೇನೆ. ಒಂದು ರೂಪಾಯಿ ಹೆಚ್ಚಾದರೂ ಎಲ್ಲೋ ಸಾಲು ಮರಿ ಹಾಕಿದೆ. ಇದನ್ನು ಯಾವ ಅಮೀರ್‌ಪೇಟೆಯೂ ಕಲಿಸಲಿಲ್ಲ, ಟ್ರಯಲ್ ಬ್ಯಾಲೆನ್ಸ್ ಕಲಿಸಿತು. ಒಟ್ಟು ಕೂಡಿದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ, ಒಂದು ತಪ್ಪನ್ನು ಇನ್ನೊಂದು ಮುಚ್ಚಿರಬಹುದು ಎಂಬುದನ್ನೂ ಅದೇ ಕಲಿಸಿತು. ಹಾಗಾಗಿ ಸಾಲುಗಳನ್ನೂ ಎಣಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೆ ಜೋಡಿ ಸಿಗದೆ ಉಳಿದದ್ದು ಬೆರಳೆಣಿಕೆಯ ಬಿಲ್ಲು. ಅದರಲ್ಲೊಂದು ಲಕ್ಷ ರೂಪಾಯಿಯ ವೈರಿನದು, 18 ಪರ್ಸೆಂಟ್ ತೆರಿಗೆ. ವ್ಯಾಪಾರಿ ಮಾವನ ಜಿಎಸ್‌ಟಿ ನಂಬರು ಹಾಕದೆ ಸಾಮಾನ್ಯ ಗಿರಾಕಿಯ ಬಿಲ್ಲಿನಂತೆ ತೋರಿಸಿಬಿಟ್ಟಿದ್ದ. ಮಾವ ಫೋನಿನಲ್ಲಿ ಅವನಿಗೆ ತೆಲುಗಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಅವನು ಮುಂದಿನ ರಿಟರ್ನಿನಲ್ಲಿ ತಿದ್ದಿದ, 18,000 ಬಂತು. ಇದು ನಿಜವಾದ್ದಲ್ಲ ಎನ್ನುತ್ತೀರಾದರೆ ಮಾವನನ್ನೇ ಕೇಳಿ. ಟೈಟಾನಿಕ್‌ನಿಂದ ಯಾರಿಗಾದರೂ ಚಿಕ್ಕಾಸು ವಾಪಸ್ ಬಂದಿದೆಯೇ?

ಇಷ್ಟಾಗಿದ್ದರೆ ನಾನು ಪತ್ರವನ್ನೇ ಬರೆಯುತ್ತಿರಲಿಲ್ಲ. ಕಾಯುವುದು ಅಭ್ಯಾಸವಾಗಿದೆ. ಆದರೆ ನಿಮ್ಮ ಟೆಸ್ಟು!

ಎರಡು ಶೀಟು ಕೊಟ್ಟಿರಿ. ಒಂದರಲ್ಲಿ ಆರ್ಡರುಗಳು, ಒಟ್ಟು 4,60,000 ರೂಪಾಯಿ. ಇನ್ನೊಂದರಲ್ಲಿ ಗಿರಾಕಿಗಳ ಊರು. ಊರುವಾರು ಮಾರಾಟ ಹೇಳಿ ಎಂದಿರಿ. ಗಿರಾಕಿಗಳ ಶೀಟಿನಲ್ಲಿ C17 ಎರಡು ಸಲ ಇದ್ದಾನೆ; ಒಮ್ಮೆ Hyderabad, ಇನ್ನೊಮ್ಮೆ Hyd. ಅವನ ಆರ್ಡರು 45,000. ಹಾಗೇ ಜೋಡಿಸಿದರೆ ಅದು ಎರಡು ಸಲ ಬಂದು ಒಟ್ಟು 5,05,000 ಆಗುತ್ತದೆ. ನಾನು ಒಂದು C17 ತೆಗೆದು 4,60,000ಕ್ಕೆ ಕೂಡಿಸಿ, ಯಾಕೆ ತೆಗೆದೆ ಎಂದು ಕೆಳಗೆ ಎರಡು ಸಾಲು ಬರೆದೆ. ತಪ್ಪು ಎಂದು ಕೆಂಪು ಗೀಟು ಹಾಕಿದಿರಿ. ನಿಮ್ಮ ಉತ್ತರ 5,05,000 ಅಂತೆ! ಅಲ್ಲ ಸ್ವಾಮಿ, ಆರ್ಡರ್ ಶೀಟಿನಲ್ಲಿ ಇಲ್ಲದ 45,000 ಎಲ್ಲಿಂದ ಬಂತು? ಕೇಳಿದ್ದಕ್ಕೆ "ಟೂಲ್ ತೋರಿಸಿದ್ದೇ ಉತ್ತರ, ನಿಮಗೆ ಅನುಭವ ಸಾಲದು" ಎಂದರು. ಎರಡು ವರ್ಷದ ಅನುಭವದಲ್ಲಿ ಕಲಿಯುವುದು ಇದೇ ಆಗಿದ್ದರೆ ನನಗೆ ಅದು ಬೇಡ. ಬಿ.ಕಾಂ. ಮೊದಲ ವರ್ಷದ ಹುಡುಗಿಯೂ ಇಂಥ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ. ಇದನ್ನು ಸರಿ ಎಂದು ನಂಬಿ ಮೂವತ್ತು ಜನರನ್ನು ಮನೆಗೆ ಕಳಿಸಿದ್ದೀರಿ, ಇದೇ ಉತ್ತರ ಬರೆದವರನ್ನು ಒಳಗೆ ಕೂರಿಸಿದ್ದೀರಿ. ನಿಮ್ಮ ಹಡಗಿಗೆ ಐಸ್‌ಗಡ್ಡೆ ಬೇಕಿಲ್ಲ.

ಹುದ್ದೆ ಇನ್ನೂ ಖಾಲಿ ಇದೆ ಎಂದು ಮೊನ್ನೆ ಮತ್ತೆ ಜಾಹೀರಾತು ನೋಡಿದೆ. ಆದ್ದರಿಂದ ಈ ಅರ್ಜಿ. ಮಾವನ ಅಂಗಡಿಯ ಪ್ರಾಜೆಕ್ಟನ್ನು ವ್ಯಾಪಾರಿಗಳ ಹೆಸರು, ನಂಬರು ಅಳಿಸಿ ಲಗತ್ತಿಸಿದ್ದೇನೆ. ನಿಮ್ಮ ಟೆಸ್ಟಿನ ತಿದ್ದಿದ ಉತ್ತರವನ್ನೂ ಇಟ್ಟಿದ್ದೇನೆ, ಅದಕ್ಕೆ ಫೀಸಿಲ್ಲ. ಕರೆದರೆ ಬರುತ್ತೇನೆ, ಈ ಸಲ ಬುತ್ತಿ ಕಟ್ಟಿಕೊಂಡೇ. ಆ 45,000ವನ್ನು ಅಷ್ಟರೊಳಗೆ ಯಾರಿಗೂ ಬೋನಸ್ ಎಂದು ಹಂಚಬೇಡಿ.

ಇತಿ ತಮ್ಮ ವಿಶ್ವಾಸಿ,
ಬಿ.ಕಾಂ. (ಕಂಪ್ಯೂಟರ್ಸ್), ಅನುಭವ: ಮಾವ