ಮಂಕಿ ಕ್ಯಾಪಿನ ರಾಯರು

ಬಸವನಗುಡಿಯಲ್ಲಿ ಚಳಿಗಾಲ ಶುರುವಾಗುವುದು ಹವಾಮಾನ ಇಲಾಖೆ ಹೇಳಿದಾಗಲ್ಲ, ರಾಯರ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾದಾಗ. ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಹೆಪ್ಪುಗಟ್ಟಲು ತೊಡಗುವ ಪುಕ್ಕಲು ಪದಾರ್ಥ, ಅದನ್ನು ನಂಬಬೇಡಿ ಎಂದು ಒಮ್ಮೆ ಹೇಳಿ ನೋಡಿದೆ. ರಾಯರು ನನ್ನನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "1884ರ ಜನವರಿಯಲ್ಲಿ ಇದೇ ಬೆಂಗಳೂರಲ್ಲಿ 7.8 ಡಿಗ್ರಿ ಆಗಿತ್ತು, ಗೊತ್ತೇನ್ರೀ?" ಎಂದರು, ಆ ದಾಖಲೆಯನ್ನು ಖುದ್ದಾಗಿ ನಡುಗಿ ಸ್ಥಾಪಿಸಿದವರ ಹಾಗೆ.

ಎಣ್ಣೆ ಗಟ್ಟಿಯಾದ ಮರುದಿನವೇ ಅಟ್ಟದ ಟ್ರಂಕು ಇಳಿಯುತ್ತದೆ. ಅದರಿಂದ ಎದ್ದು ಬರುವ ಮೆರೂನ್ ಸ್ವೆಟರ್ ಯಜಮಾನಿಯವರು ಮಗನ ಬಾಣಂತನದಲ್ಲಿ ಹೆಣೆದದ್ದು. ಮಗನಿಗೀಗ ತಲೆ ನರೆತಿದೆ, ಸ್ವೆಟರಿನ ಮೊಣಕೈಗೆ ಬೇರೆ ಬಣ್ಣದ ತೇಪೆ ಬಿದ್ದಿದೆ. ನುಸಿಗುಳಿಗೆಯ ವಾಸನೆ ಮಾತ್ರ ಹೊಚ್ಚಹೊಸದು. ರಾಯರು ಪಾರ್ಕಿನ ತಿರುವಿಗೆ ಬರುವ ಮೊದಲೇ ಅದು ಬಂದು ಬೆಂಚಿನ ಮೇಲೆ ಜಾಗ ಹಿಡಿದಿರುತ್ತದೆ.

ಉಡುಪಿಗೊಂದು ಕ್ರಮವಿದೆ. ಮೊದಲು ಬನಿಯನ್ನು, ಅಂಗಿ, ಅದರ ಮೇಲೆ ಸ್ವೆಟರ್. ಆಮೇಲೆ ಮಫ್ಲರು: ಕುತ್ತಿಗೆಗೆ ಎರಡು ಸುತ್ತು, ತುದಿ ಸ್ವೆಟರಿನ ಒಳಕ್ಕೆ. ಕೊನೆಗೆ ಮಂಕಿ ಕ್ಯಾಪು. ತೊಡಕು ಶುರುವಾಗುವುದು ಇಲ್ಲಿ. ಕನ್ನಡಕ ಹಾಕಿಕೊಂಡು ಟೊಪ್ಪಿ ಎಳೆದರೆ ಗಾಜು ಸೊಟ್ಟಗಾಗಿ ಒಂದು ಕಣ್ಣಿಗೆ ರಸ್ತೆ, ಇನ್ನೊಂದಕ್ಕೆ ಆಕಾಶ. ಟೊಪ್ಪಿಯ ಮೇಲೆ ಕನ್ನಡಕ ಏರಿಸಿದರೆ ಕಡ್ಡಿಗಳಿಗೆ ಕಿವಿಯ ಹಿಡಿತ ಸಿಗದೆ ಅದು ಉಣ್ಣೆಯ ಮೇಲೆ ಜಾರುತ್ತ ಮೂಗಿನ ತುದಿಗೆ ಬರುತ್ತದೆ. ರಾಯರು ಎರಡನೆಯ ಪಂಥದವರು. ಹೆಜ್ಜೆಗೊಮ್ಮೆ ತೋರುಬೆರಳು ಮೇಲೇಳುವುದನ್ನು ಕಂಡು, ಅವರು ಯಾರಿಗೋ ಎಚ್ಚರಿಕೆ ಕೊಡುತ್ತಿದ್ದಾರೆ ಎಂದುಕೊಂಡವರೂ ಇದ್ದಾರೆ.

ಇಷ್ಟೆಲ್ಲ ಸೊಂಟದಿಂದ ಮೇಲಿನ ಕಥೆ. ಕೆಳಗೆ ಅದೇ ತೆಳು ಪಂಚೆ, ಅದೇ ಹವಾಯಿ ಚಪ್ಪಲಿ. ಚಳಿ ಸೊಂಟದಿಂದ ಕೆಳಗೆ ಇಳಿಯುವುದಿಲ್ಲ ಎಂಬುದರ ಬಗ್ಗೆ ಬೆಂಗಳೂರಿನ ನಿವೃತ್ತರಲ್ಲಿ ಎರಡು ಮಾತಿಲ್ಲ.

ಟೊಪ್ಪಿಯ ಕಿಂಡಿಯಲ್ಲಿ ಉಳಿಯುವುದು ಹುಬ್ಬಿನಿಂದ ಗಲ್ಲದವರೆಗಿನ ಮುಖ. ಏಪ್ರಿಲ್ಲಿನ ಸೆಕೆಯಲ್ಲಿ ಇದ್ದ ಮುಖವೇ ಅದು. ಮೂವತ್ತೈದು ವರ್ಷ ಕೇಂದ್ರ ಸರ್ಕಾರದ ಲೆಕ್ಕಪತ್ರ ನೋಡಿದವರು. ಹಾರಿಕೆಯ ಉತ್ತರ ಕೇಳಿದಾಗಲೂ ನಿಜ ಕೇಳಿದಾಗಲೂ ಒಂದೇ ಮುಖ ಇಡುವುದು ಅಲ್ಲಿಂದ ಬಂದ ರೂಢಿ. ಚಳಿಯೆಂದು ಹಲ್ಲು ಕಡಿದದ್ದನ್ನು ನಾವು ಕಂಡಿಲ್ಲ. ಧನುರ್ಮಾಸದ ಬಿಸಿ ಹುಗ್ಗಿ ದೊನ್ನೆಗೆ ಬಿದ್ದಾಗ ಅರಳಿದ್ದನ್ನೂ ಕಂಡಿಲ್ಲ. ಇನ್ನೊಂದು ಮೆಣಸು ಬೇಕಿತ್ತೋ ಸಾಕಾಗಿತ್ತೋ ಎಂಬುದು ಅಡಿಗೆಯವರಿಗೆ ಇಂದಿಗೂ ತಿಳಿದಿಲ್ಲ.

ಮೋಡವಿಲ್ಲದ ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗುತ್ತಲೇ ಇರುತ್ತದೆ, ಹಾಗಾಗಿ ಅತಿ ಹೆಚ್ಚಿನ ಚಳಿ ಸೂರ್ಯೋದಯದ ಹೊತ್ತಿಗೆ. ರಾಯರ ವಾಕಿಂಗೂ ಸರಿಯಾಗಿ ಆಗಲೇ. ಒಂದು ತಾಸು ತಡವಾಗಿ ಹೊರಟರೆ ಈ ಉಣ್ಣೆ ಯಾವುದೂ ಬೇಡ ಎಂದರೆ, "ಮತ್ತೆ ಇದನ್ನೆಲ್ಲ ಯಾವಾಗ ಹಾಕೋದು?" ಎನ್ನುತ್ತಾರೆ. ಬಿಸಿಲೇರಿ ಹಣೆಯಲ್ಲಿ ಬೆವರಿಳಿದರೂ ಒಂದನ್ನೂ ಕಳಚುವುದಿಲ್ಲ. ಕಳಚಿದರೆ ಶೀತವಾಗುತ್ತದಂತೆ.

ರಾಯರ ಆ ಅಲುಗದ ಮುಖಕ್ಕೆ ಪರೀಕ್ಷೆ ಒದಗಿದ್ದು ನವೆಂಬರಿನಲ್ಲಿ. ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸಬೇಕಲ್ಲ, 2021ರಿಂದ ಆ ಜೀವನ ಪ್ರಮಾಣ ಪತ್ರವನ್ನು ಮನೆಯಲ್ಲೇ ಫೋನಿಗೆ ಮುಖ ತೋರಿಸಿ ಕೊಡಬಹುದು. ವಾಕಿಂಗ್ ಮುಗಿಸಿ ಬಂದವರನ್ನು ಮಗ ಅದೇ ವೇಷದಲ್ಲಿ ಕಿಟಕಿಯ ಬೆಳಕಿಗೆ ಕೂರಿಸಿದ. ನಾನು ಪೇಪರ್ ಕೇಳಲು ಹೋದವನು ನಿಂತೆ.

"ಅಪ್ಪಾ, ಟೊಪ್ಪಿ ತೆಗೀರಿ."

"ಮುಖ ಕಾಣ್ತಾ ಇದೆಯಲ್ಲೋ."

ಕೊನೆಗೆ ಯಜಮಾನಿಯವರೇ ಬಂದು ಟೊಪ್ಪಿ ಎಳೆದರು. ಫೋನು ಮುಖ ಹಿಡಿಯಿತು, ಕಣ್ಣು ಮಿಟುಕಿಸಿ ಎಂದಿತು. ಅದು ಫೋಟೋ ಅಲ್ಲ, ಜೀವಂತ ಮನುಷ್ಯ ಎಂದು ಖಾತ್ರಿಯಾಗಬೇಕಲ್ಲ. ರಾಯರು ಆಡಿಟ್ ಆಕ್ಷೇಪಣೆಯನ್ನು ನೋಡುವಂತೆ ಫೋನನ್ನು ನೋಡಿದರು. ಸಮಯ ಮೀರಿತು. ಮತ್ತೆ ಮೊದಲಿಂದ. ಮತ್ತೆ ಅದೇ ನೋಟ.

"ರೀ, ಒಂದ್ಸಲ ಮಿಟುಕಿಸಿಬಿಡಿ, ಪಿಂಚಣಿ ನಿಂತುಹೋಗುತ್ತೆ" ಎಂದರು ಯಜಮಾನಿಯವರು.

ರಾಯರು ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡಿಕೊಂಡರು. "ಎಷ್ಟು ಸಲ ಮಿಟುಕಿಸಬೇಕು ಅಂತ ಆದೇಶದಲ್ಲಿ ಇದೆಯೇನೋ?" ಎಂದು ಮಗನನ್ನು ಕೇಳಿದರು.