ಪ್ರಾಸಪ್ರವೇಶ

ಗೆಳೆಯನ ಗೃಹಪ್ರವೇಶಕ್ಕೆ ಹೋಗಿ, ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರು ಕೊಟ್ಟು, ಹೋಳಿಗೆ ಊಟ ಮುಗಿಸಿ ಬಂದರೆ ಸಾಕಿತ್ತು. ಆದರೆ ಕವರಿನ ಜೊತೆ ಶುಭಾಶಯ ಪತ್ರವೂ ಇರಬೇಕು, ಅದರಲ್ಲಿ ಸ್ವಂತ ಪದ್ಯವೇ ಇರಬೇಕು ಎಂದು ನನ್ನ ಹೆಂಡತಿ ಹಟ ಹಿಡಿದಳು. "ಮದುವೆಗೆ ಮುಂಚೆ ನನಗೆ ಪುಟಗಟ್ಟಲೆ ಬರೀತಿದ್ರಲ್ಲ, ಈಗ ನಾಲ್ಕು ಸಾಲಿಗೆ ಏನು ಬಂತು ರೋಗ?" ಎಂದಳು. ಆ ಪುಟಗಳಲ್ಲಿ ಪ್ರಾಸ ಇರಲಿಲ್ಲ, ಬರೀ ಆಸೆಯಿತ್ತು ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಂಗಡಿಯ ಕಾರ್ಡುಗಳಲ್ಲಿ ಅಚ್ಚಾಗಿರುವ ಪದ್ಯಗಳ ಗುಟ್ಟು ತುಂಬ ಸರಳ. ಸುಖ ನೆಲೆಸಲಿ, ಶಾಂತಿ ಬೆಳಗಲಿ, ದೇವರು ಹರಸಲಿ, ವಂಶ ಬೆಳೆಯಲಿ. ಕನ್ನಡದಲ್ಲಿ ಹಾರೈಸಲು ಹೊರಟರೆ ಕ್ರಿಯಾಪದಗಳೆಲ್ಲ ತಾವಾಗಿಯೇ 'ಲಿ' ಎಂದು ಮುಗಿಯುತ್ತವೆ. ಪುಕ್ಕಟೆ ಸಿಕ್ಕ ಪ್ರಾಸ ಅದು. ಬೇಕಿದ್ದರೆ ಮನೆಯ ಬದಲು ಮದುವೆ ಎಂದು ತಿದ್ದಿ ನೋಡಿ, ಪದ್ಯಕ್ಕೆ ಗೊತ್ತೇ ಆಗುವುದಿಲ್ಲ. ಆದ್ದರಿಂದ 'ಲಿ'ಗೆ ಸಾಲಿನ ಕೊನೆಯ ಜಾಗ ಕೊಡಕೂಡದು, ನಡುವೆ ಎಲ್ಲಾದರೂ ಕೂತಿರಲಿ ಎಂದು ನಿಶ್ಚಯಿಸಿದೆ. ಕೊನೆಗೆ ಗಟ್ಟಿ ನಾಮಪದವೇ ಬರಬೇಕು. ಗೃಹಪ್ರವೇಶವಾದ್ದರಿಂದ ಅದು 'ಮನೆ'ಯೇ.

ಮನೆಗೆ ಹೊಂದುವ ಪದಗಳನ್ನು ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದೆ: ತೆನೆ, ಕೆನೆ, ಗೊನೆ, ಸೊನೆ, ಕೊನೆ. ಕೆನೆ ಸರಿ, ಹೊಸ ಒಲೆಯ ಮೇಲೆ ಹಾಲುಕ್ಕಿಸುವ ಶಾಸ್ತ್ರವೇ ಇದೆ. ಗೊನೆಯೂ ಮಂಗಳಕರ. ಸೊನೆ ಕೈಗೆ ಅಂಟುತ್ತದೆ. ತೆನೆ ಬೆಳೆಯಲು ಮೂವತ್ತು-ನಲವತ್ತರ ಸೈಟಿನಲ್ಲಿ ಜಾಗವಿಲ್ಲ. 'ಕೊನೆ' ಕಂಡೊಡನೆ ಹೆಂಡತಿ "ಬಿಡ್ತು ಅನ್ನಿ! ಹೊಸ ಮನೆ ಅಂತ ಬರೆದು ಪಕ್ಕದಲ್ಲೇ ಕೊನೆ ಅಂತೀರಾ?" ಎಂದು ಪೆನ್ನು ಕಿತ್ತುಕೊಂಡು ಆ ಪದಕ್ಕೆ ಕಾಟು ಹಾಕಿದಳು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕನ್ನಡದ ಹಳೆಯ ಪ್ರಾಸ ಸಾಲಿನ ಕೊನೆಯದಲ್ಲ, ಮೊದಲಿನದು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಹತ್ತನೆಯ ಶತಮಾನದ ನಾಗವರ್ಮ 'ಛಂದೋಂಬುಧಿ'ಯಲ್ಲಿ ಹೇಳುವ ಪ್ರಾಸಗಳು ಆರು: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಮೊದಲ ಅಕ್ಷರ ಹ್ರಸ್ವವಾಗಿದ್ದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರ ಬಂದರೆ ವೃಷಭ, ಹೀಗೆ. ಹಾಲು ಎಂದು ಶುರುಮಾಡಿದೆನಾದ್ದರಿಂದ ನನ್ನದು ಗಜಪ್ರಾಸ. ಪುರೋಹಿತರು ಹೇಳಿದ ಹಸು ಬರುವ ಮೊದಲೇ ಗೆಳೆಯನ ಮನೆಗೆ ಆನೆ ನುಗ್ಗಿತ್ತು.

ಇನ್ನು ಮಾತ್ರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ನಾಲ್ಕು ಮಾತ್ರೆಯ ಮೂರು ಗಣ, ತುದಿಗೆ ಎರಡು ಮಾತ್ರೆ ಎಂದು ಅಳತೆ ಇಟ್ಟುಕೊಂಡೆ. 'ಹಾಲಿನ' ಎಂದರೆ ಎರಡು, ಒಂದು, ಒಂದು: ಸರಿಯಾಗಿ ನಾಲ್ಕು. 'ಮೇಲೆ' ಹಾಕಿದರೆ ಮೂರೇ ಆಗಿ ಸಾಲು ಕುಂಟಿತು, 'ಮೇಗಡೆ' ಎಂದೊಡನೆ ನೆಟ್ಟಗಾಯಿತು. ನಾನು ಬೆರಳು ಮಡಚಿ ಎಣಿಸುವುದನ್ನು ಕಂಡ ಮಗ, ಅಪ್ಪ ಮುಯ್ಯಿಗೆ ಎಷ್ಟು ಇಡಬೇಕೆಂದು ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡ.

ಮೂರನೆಯ ಸಾಲಿಗೆ ಮೊದಲು 'ಬಾಗಿಲ ಬಾಳೆಗೆ ತೂಗಲಿ ಗೊನೆ' ಎಂದು ಬರೆದಿದ್ದೆ. ಎರಡನೆಯ ಅಕ್ಷರ 'ಗಿ' ಆಗಿ ಆದಿಪ್ರಾಸ ತಪ್ಪಿತು. ಹೆಂಡತಿಯ ಆಕ್ಷೇಪ ಬೇರೆ: "ಬಾಗಿಲಿಗೆ ಕಟ್ಟೋದು ಕಡಿದು ತಂದ ಬಾಳೆ ಕಣ್ರೀ, ಎರಡು ದಿನಕ್ಕೆ ಬಾಡತ್ತೆ. ಬೇರಿದ್ದ ಗಿಡವಾದ್ರೂ ಬಿಡೋದು ಒಂದೇ ಗೊನೆ." ಲಕಾರದ ಪದ ಹುಡುಕುತ್ತ 'ಸಾಲಿನ' ಎಂದು ಬರೆದೆ. ಒಂದು ಗಿಡ ಗೊನೆ ಕೊಟ್ಟು ಹೋದರೂ ಕಂದುಗಳು ಬೆಳೆದು ಸಾಲು ಉಳಿಯುತ್ತದೆ. ಛಂದಸ್ಸೂ ತೋಟಗಾರಿಕೆಯೂ ಒಟ್ಟಿಗೆ ಒಪ್ಪಿಕೊಂಡವು.

ನಾಲ್ಕನೆಯ ಸಾಲಿಗೆ ಮಾತ್ರ ಪದ ಉಳಿದಿರಲಿಲ್ಲ, ಕಾಟು ಬಿದ್ದದ್ದೊಂದನ್ನು ಬಿಟ್ಟು. ಹಾಲು, ಬಾಲ, ಸಾಲು ಎಂದು ಗುನುಗುತ್ತ ಹೋದಾಗ ಮುಂದಿನದು ತಾನಾಗಿ ಬಾಯಿಗೆ ಬಂತು. ಇಪ್ಪತ್ತು ವರ್ಷದ ಕಂತು ಕಟ್ಟಬೇಕಾದ ಗೆಳೆಯನಿಗೆ ಅದಕ್ಕಿಂತ ಮಂಗಳಕರವಾದ 'ಕೊನೆ' ಯಾವುದಿದ್ದೀತು?

ಹಾಲಿನ ಮೇಗಡೆ ಕಟ್ಟಲಿ ಕೆನೆ,
ಬಾಲರ ನಗುವಿಗೆ ಬೆಳಗಲಿ ಮನೆ,
ಸಾಲಿನ ಬಾಳೆಗೆ ತೂಗಲಿ ಗೊನೆ,
ಸಾಲಕೆ ಬೇಗನೆ ದೊರಕಲಿ ಕೊನೆ!

ಗೃಹಪ್ರವೇಶದ ದಿನ ಹೋಮದ ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡಿದ್ದ ಗೆಳೆಯ ಕಾರ್ಡನ್ನು ಎರಡು ಸಲ ಓದಿದ. ಅವನ ತಂದೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ, ನಾಲ್ಕನೆಯ ಸಾಲಿಗೆ ತಲೆದೂಗಿ, "ಇದರದ್ದೊಂದು ಪ್ರತಿ ಬ್ಯಾಂಕಿನ ಮ್ಯಾನೇಜರಿಗೂ ಕೊಡಪ್ಪ. ಅವರಿಗೆ ಪ್ರಾಸ ತಿಳಿಯದಿದ್ದರೂ ಅರ್ಥ ತಿಳಿಯಬಹುದು" ಎಂದರು.