ಕುಚ್ಚು ಕಟ್ಟಿದ ಮೇಲೆ

ಬೆಳಿಗ್ಗೆ ದಾಸವಾಳ ಕೀಳೋಕೆ ಕಾಂಪೌಂಡ್ ಹತ್ತಿರ ಹೋದರೆ, ಪಕ್ಕದ ಮನೆ ಹುಡುಗಿ ಮೊಬೈಲ್ ಹಿಡಿದು ಸಪ್ಪೆ ಮುಖ ಹಾಕಿ ನಿಂತಿದ್ದಳು. ಮನೆಯಲ್ಲೇ ಸೀರೆ ವ್ಯಾಪಾರ ಅವಳದು, ಗಿರಾಕಿಗಳೆಲ್ಲ ವಾಟ್ಸಾಪಿನವರು.

"ಆಂಟಿ, 4,200 ರೂಪಾಯಿ ಸೀರೆ. ಫಾಲ್ ಹಾಕಿಸಿ, ಕುಚ್ಚು ಕಟ್ಟಿಸಿ ಕಳಿಸಿದ್ದೆ. ಈಗ ಬಣ್ಣ ಹಿಡಿಸಲಿಲ್ಲ, ದುಡ್ಡು ವಾಪಸ್ ಕೊಡಿ ಅಂತಾರೆ. ಹೀಗೆ ಬರೆದಿದ್ದೀನಿ, ನೋಡಿ."

ನೋಡಿದೆ. "ತುಂಬಾ ಬೇಜಾರಾಯ್ತು ಮೇಡಂ, ನಮ್ಮ ಪಾಲಿಸಿ ಪ್ರಕಾರ ಕಷ್ಟ, ಆದ್ರೂ ನೋಡ್ತೀನಿ."

"ನೋಡ್ತೀನಿ ಅಂತ ಯಾಕೆ ಬರೆದೆ? ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು 'ನೋಡೋಣ' ಅಂದರೆ ಅದು ಇಲ್ಲ ಅಂತ ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟವರ ಕಿವಿಗೆ ಮಾತ್ರ ಅದು ಹೂಂ ಅಂತಲೇ ಕೇಳುತ್ತೆ. ನಾಳೆ ಮತ್ತೆ ಕೇಳ್ತಾರೆ."

ಮೂವತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತು ಇಲ್ಲ ಅಂದವಳು ನಾನು. ಆದರೂ ಮೊದಲು ಕೇಳಿದ್ದು ಬೇರೆ: ಎಳೆ ಹರಿದಿದೆಯಾ, ಕಲೆ ಇದೆಯಾ, ಫೋಟೋದಲ್ಲಿ ಒಂದು ಬಣ್ಣ ತೋರಿಸಿ ಇನ್ನೊಂದು ಕಳಿಸಿದೆಯಾ? ದೋಷವಿರುವ ಮಾಲು ವಾಪಸ್ ತಗೊಂಡು ಹಣ ಕೊಡಲ್ಲ ಅನ್ನೋ ಹಾಗಿಲ್ಲ. ಬಿಲ್ಲಿನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ಕೊಡಬೇಕು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಹೇಳುತ್ತೆ. ಇವಳು ಬಿಸಿಲಲ್ಲಿ ತೆಗೆದ ವಿಡಿಯೋ ಕಳಿಸಿದ್ದಳು, ಅವರು ನೋಡಿಯೇ ಒಪ್ಪಿದ್ದರು. ಕುಚ್ಚು ಕಟ್ಟಿದ ಮೇಲೆ ವಾಪಸ್ ಇಲ್ಲ ಅನ್ನೋದನ್ನೂ ಆರ್ಡರ್ ದಿನವೇ ಬರೆದಿದ್ದಳು. ಅಷ್ಟಿದ್ದರೆ ಸಾಕು.

ಪಾಲಿಸಿ ಅನ್ನೋ ಪದ ಹೊಡೆದುಹಾಕಿಸಿದೆ. ಅದು ಬೀಗ ತೋರಿಸಿದ ಹಾಗೆ. ಬಾಗಿಲು ಯಾಕೆ ಮುಚ್ಚಿದೆ ಅಂತ ಹೇಳಲ್ಲ. ಕಾಫಿ ಆರೋ ಹೊತ್ತಿಗೆ ಇಷ್ಟಾಯಿತು:

"ಹಬ್ಬಕ್ಕೆ ಅಂತ ಆಸೆಯಿಂದ ತರಿಸಿದ ಸೀರೆ ಹಿಡಿಸಲಿಲ್ಲ ಅಂದರೆ ಎಷ್ಟು ಬೇಜಾರು ಅಂತ ಗೊತ್ತು ಮೇಡಂ. ಆದರೆ ಇದನ್ನು ವಾಪಸ್ ತಗೊಂಡು ದುಡ್ಡು ಕೊಡೋಕೆ ಆಗಲ್ಲ. ಕುಚ್ಚು ಬಿಚ್ಚಿದರೆ ಸೆರಗಿನ ತುದಿಯಲ್ಲಿ ಸೂಜಿ ಗುರುತು ಉಳಿಯುತ್ತೆ, ಹೊಸ ಸೀರೆ ಅಂತ ಮಾರೋ ಹಾಗಿಲ್ಲ. ಆರ್ಡರ್ ದಿನ ಕಳಿಸಿದ ಮೆಸೇಜಿನಲ್ಲೂ ಇದನ್ನೇ ತಿಳಿಸಿದ್ದೆ. ನೀವು ಹೂಂ ಅಂದರೆ ನಮ್ಮ ಗುಂಪಿನಲ್ಲಿ ಮಾರಾಟಕ್ಕೆ ಹಾಕ್ತೀನಿ. ಬಂದ ಹಣವೆಲ್ಲ ನಿಮ್ಮದೇ."

"ಕೊನೆಗೆ ಇನ್ನೊಂದು ಸಲ ಸಾರಿ ಅನ್ನಲಾ?"

"ಬೇಡ. ತಪ್ಪು ಮಾಡಿದವಳ ಹಾಗೆ ಕಾಣಿಸುತ್ತೆ."

ಹತ್ತು ನಿಮಿಷಕ್ಕೆ ಉತ್ತರ ಬಂತು, ಒಂದೇ ಸಾಲು: "ಸರಿ, ಗುಂಪಿಗೆ ಹಾಕಿ."

ಕಡುಹಸಿರು ಮೈ, ಮರೂನ್ ಅಂಚು, ಕುಚ್ಚು ಸಮೇತ. ಬೇಕಾದವರು ಕೇಳಿ, ವಾಪಸ್ ಮಾತ್ರ ಇಲ್ಲ.